ಮೆತ್ತನೆ ಜೇಡಿಯಲ್ಲಿ ಪೈಲ್ ಜಾಸ್ತಿ ಸರಿಯುತ್ತಿದೆಯೇ? ಮಣ್ಣಿಗಿಂತ ಮೊದಲು ಪೈಲಿನ ತಲೆ ನೋಡಿ

ಪೈಲನ್ನು ಅಡ್ಡಕ್ಕೆ ತಳ್ಳಿ ನೋಡುವ ಲ್ಯಾಟರಲ್ ಲೋಡ್ ಟೆಸ್ಟಿನ ರಿಪೋರ್ಟ್ ಬರುತ್ತದೆ. ಡಿಸೈನ್‌ನಲ್ಲಿ 2 ಮಿ.ಮೀ. ಅಂತ ಬರೆದ ಕಡೆ ಡಯಲ್ ಗೇಜ್ 8 ಮಿ.ಮೀ. ತೋರಿಸಿರುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಮಣ್ಣು ಸರಿ ಇಲ್ಲ, ಪೈಲ್ ಇನ್ನೂ ಆಳಕ್ಕೆ ಹಾಕಿ." ಕರಾವಳಿಯ ಹಿನ್ನೀರಿನ ದಡದಲ್ಲಿ ಈ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಬಹಳಷ್ಟು ಸಲ ಎರಡೂ ತಪ್ಪಾಗಿರುತ್ತವೆ. ಮಣ್ಣು ಮೊದಲೇ ಗೊತ್ತಿದ್ದಷ್ಟೇ ಮೆತ್ತಗಿರುತ್ತದೆ. ಆಳ ಹೆಚ್ಚಿಸಿದರೆ ಅಡ್ಡ ಬಲಕ್ಕೆ ಒಂದು ಮಿಲಿಮೀಟರ್ ಕೂಡ ಪ್ರಯೋಜನ ಸಿಗುವುದಿಲ್ಲ. ತಪ್ಪು ಇರುವುದು ಪೈಲಿನ ತಲೆಯಲ್ಲಿ, ಅಂದರೆ ಬಲ ಎಲ್ಲಿ ಕೊಟ್ಟಿದ್ದೀರಿ, ಎಲ್ಲಿ ಅಳೆದಿದ್ದೀರಿ, ತಲೆ ತಿರುಗಲು ಬಿಟ್ಟಿದ್ದೀರಾ ಇಲ್ಲವಾ ಎಂಬುದರಲ್ಲಿ.

ಮಂಗಳೂರಿನ ಹತ್ತಿರ ಹಿನ್ನೀರಿನ ಪಕ್ಕದ ಒಂದು ಗೋದಾಮಿನ ಕೆಲಸದಲ್ಲಿ ನಾನೇ ಕೂತು ಬಿಡಿಸಿದ ಪ್ರಕರಣವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಸೈಟಿನ ಅಂಕಿ ಬೇರೆ ಇರಬಹುದು, ಹುಡುಕುವ ಕ್ರಮ ಇದೇ.

ಪೈಲ್ ಮತ್ತು ಮಣ್ಣು

ನೆಲ ಕೊರೆದು ಎರಕ ಹೊಯ್ದ 600 ಮಿ.ಮೀ. ವ್ಯಾಸದ ಬೋರ್ಡ್ ಪೈಲ್, ಎಂ30 ಕಾಂಕ್ರೀಟ್, ಉದ್ದ 22 ಮೀಟರ್, ತುದಿ ಕೊಳೆತ ಬಂಡೆಯ ಮೇಲೆ. ಮೇಲಿನ 14 ಮೀಟರ್ ಕಪ್ಪು ಮೆತ್ತನೆ ಜೇಡಿ. ಸ್ಯಾಂಪಲ್ ಟ್ಯೂಬಿನಿಂದ ತೆಗೆದ ತುಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಸಲೀಸಾಗಿ ಒಳಗೆ ಹೋಗುತ್ತಿತ್ತು, ಕೈಗೆ ಕೊಳೆತ ಎಲೆಯ ವಾಸನೆ ಅಂಟುತ್ತಿತ್ತು. ಅದರ ಮೇಲೆ ಪೈಲಿಂಗ್ ರಿಗ್ ನಿಲ್ಲಲು ಒಂದು ಮೀಟರ್ ಗರಸು ಹಾಕಿ ಗಟ್ಟಿ ಮಾಡಿದ್ದರು.

ಇಂಥ ಜೇಡಿ ತನ್ನ ಭಾರಕ್ಕಷ್ಟೇ ಕುಗ್ಗಿ ಕೂತದ್ದು. ಆಳಕ್ಕೆ ಹೋದಂತೆ ಅದರ ಬಿಗಿತ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ, ಮೇಲ್ಮೈಯಲ್ಲಿ ಹೆಚ್ಚುಕಮ್ಮಿ ಸೊನ್ನೆ. ಪೈಲ್ ಕೆಲಸದ ಭಾರತೀಯ ಕೋಡ್ ಐಎಸ್ 2911ರ 2010ರ ಆವೃತ್ತಿಯ ಅನುಬಂಧ ಸಿ ಈ ರೀತಿಯ ಜೇಡಿಯನ್ನು ಮರಳಿನ ಸಾಲಿನಲ್ಲೇ ಇಟ್ಟು, ಬಿಗಿತವನ್ನು ηh ಎಂಬ ಒಂದು ಸಂಖ್ಯೆಯಿಂದ ಅಳೆಯುತ್ತದೆ. ಮೆತ್ತನೆ ಜೇಡಿಗೆ ಸಾಮಾನ್ಯವಾಗಿ ಹಿಡಿಯುವ ಬೆಲೆ ಘನಮೀಟರಿಗೆ 350ರಿಂದ 700 ಕಿಲೊನ್ಯೂಟನ್. ಡಿಸೈನರ್ 350 ಹಿಡಿದಿದ್ದರು. ಅದು ಸರಿಯಾದ ಎಚ್ಚರಿಕೆ.

ಕೆಲವರು ಇದೇ ಜೇಡಿಗೆ ಗಟ್ಟಿ ಜೇಡಿಯ ಸೂತ್ರ ಹಾಕುತ್ತಾರೆ, ಅಂದರೆ ಪೈಲ್ ಮತ್ತು ಮಣ್ಣಿನ ಬಿಗಿತ ಸೇರಿಸಿ ತೆಗೆಯುವ T ಎಂಬ ಉದ್ದದ ಬದಲು R. ಆ ಸೂತ್ರ ಮಣ್ಣಿನ ಬಿಗಿತ ಮೇಲಿಂದ ಕೆಳಗಿನವರೆಗೂ ಒಂದೇ ಎಂದು ಹಿಡಿಯುತ್ತದೆ. ಹಾಗಾಗಿ ಮೇಲಿನ ಎರಡು ಮೀಟರಿನಲ್ಲಿ ಇಲ್ಲದ ಶಕ್ತಿಯನ್ನು ಲೆಕ್ಕಕ್ಕೆ ತರುತ್ತದೆ. ರಿಪೋರ್ಟಿನಲ್ಲಿ R ಕಂಡರೆ ಅಲ್ಲೇ ನಿಲ್ಲಿ, ಮೊದಲು ಅದನ್ನು ಸರಿಪಡಿಸಿ.

ನಮ್ಮ ಪೈಲಿಗೆ ಲೆಕ್ಕ ಹೀಗೆ:

```
E  = 5000√30 = 27,400 MPa
I  = π(0.6)^4/64 = 0.00636 m^4
EI = 174,200 kN.m^2
T  = (EI/ηh)^(1/5) = (174200/350)^(1/5) = 3.46 m
4T = 13.9 m
```

ಪೈಲಿನ ಉದ್ದ 4T ದಾಟಿದರೆ ಅದು ಉದ್ದನೆಯ, ಬಾಗುವ ಪೈಲ್. ನಮ್ಮದು 22 ಮೀಟರ್. ಅಂದರೆ 14 ಮೀಟರಿನ ಕೆಳಗೆ ಇರುವ ಪೈಲಿಗೆ ಮೇಲೆ ತಳ್ಳುತ್ತಿರುವುದು ಗೊತ್ತೇ ಆಗುವುದಿಲ್ಲ. 22ರ ಬದಲು 30 ಮೀಟರ್ ಹಾಕಿ, ತುದಿಯನ್ನು ಬಂಡೆಯೊಳಗೆ ಕೊರೆದು ಕೂರಿಸಿ, ಡಯಲ್ ಗೇಜಿನ ಮುಳ್ಳು ಅಷ್ಟೇ ಓಡುತ್ತದೆ. ಆಳ ಹೆಚ್ಚಿಸಿ ಅನ್ನುವವರಿಗೆ ಈ ಒಂದು ಸಾಲು ತೋರಿಸಿದರೆ ಸಾಕು.

ಫಿಕ್ಸಿಟಿ ಆಳ ಅಂದರೆ ಏನು, ಏನಲ್ಲ

ಇಲ್ಲಿ ಬಹಳ ಗೊಂದಲ ಇದೆ, ಅದಕ್ಕೇ ಸ್ವಲ್ಪ ನಿಂತು ನೋಡೋಣ. ಡ್ರಾಯಿಂಗಿನಲ್ಲಿ "ಫಿಕ್ಸಿಟಿ ಆಳ 7.6 ಮೀ." ಅಂತ ಕಂಡ ತಕ್ಷಣ, ಪೈಲ್ ಅಲ್ಲಿ ಗೋಡೆಗೆ ಮೊಳೆ ಹೊಡೆದ ಹಾಗೆ ಹಿಡಿದುಕೊಂಡಿದೆ ಅಂತ ಜನ ಅಂದುಕೊಳ್ಳುತ್ತಾರೆ. ಒಂದು ಸೈಟಿನಲ್ಲಿ ಆ ಆಳಕ್ಕೇ ಕಂಬಿಯನ್ನು ನಿಲ್ಲಿಸಿದ್ದನ್ನೂ ನೋಡಿದ್ದೇನೆ.

ಅಸಲಿಗೆ ಅದು ಲೆಕ್ಕಕ್ಕಾಗಿ ಮಾಡಿಕೊಂಡ ಒಂದು ಬದಲಿ. ಮಣ್ಣನ್ನು ಪೂರ್ತಿ ತೆಗೆದುಬಿಡಿ. ಪೈಲನ್ನು ಎಷ್ಟು ಆಳದಲ್ಲಿ ಬಿಗಿಯಾಗಿ ಹಿಡಿದರೆ, ಮಣ್ಣಿನಲ್ಲಿದ್ದಾಗ ಸರಿದಷ್ಟೇ ಅದರ ತಲೆ ಸರಿಯುತ್ತದೆ? ಆ ಆಳವೇ ಫಿಕ್ಸಿಟಿ ಆಳ. ಸರಿಯುವುದನ್ನು ಹೊಂದಿಸಲು ಹುಟ್ಟಿದ ಸಂಖ್ಯೆ ಅದು, ಬಾಗುವ ಮೊಮೆಂಟನ್ನು ಹೊಂದಿಸಲು ಅಲ್ಲ. ಅದಕ್ಕೇ ಕೋಡ್ ಮೊಮೆಂಟಿಗೆ ಬೇರೆಯೇ ಕಡಿತದ ಗುಣಾಂಕ ಕೊಟ್ಟಿದೆ. ತಲೆ ಬಿಡುವಾಗಿದ್ದಾಗ ನಿಜವಾದ ಗರಿಷ್ಠ ಮೊಮೆಂಟ್ ಬರುವುದು ಸುಮಾರು 1.3T ಆಳದಲ್ಲಿ, ನಮ್ಮ ಪೈಲಿನಲ್ಲಿ ನಾಲ್ಕೂವರೆ ಮೀಟರ್ ಹತ್ತಿರ. ಅಲ್ಲಿಂದ ಅದು ನಿಧಾನವಾಗಿ ಇಳಿದು 4T ಹತ್ತಿರ ಸೊನ್ನೆಯಾಗುತ್ತದೆ. ಆದ್ದರಿಂದ ಕಂಬಿಯನ್ನು ಫಿಕ್ಸಿಟಿ ಆಳಕ್ಕೆ ನಿಲ್ಲಿಸುವಂತಿಲ್ಲ.

ಇನ್ನೊಂದು ಮಾತು. ಫಿಕ್ಸಿಟಿ ಆಳ ಮಣ್ಣಿನ ಗುಣವಲ್ಲ. ಅದೇ ಮಣ್ಣು, ಅದೇ ಪೈಲ್. ತಲೆ ಬಿಡುವಾಗಿದ್ದರೆ ಅದು ಸುಮಾರು 1.9T, ನಮಗೆ 6.6 ಮೀಟರ್. ತಲೆ ತಿರುಗದಂತೆ ಹಿಡಿದಿದ್ದರೆ ಸುಮಾರು 2.2T, ನಮಗೆ 7.6 ಮೀಟರ್. ಬಿಗಿಯಾಗಿ ಹಿಡಿದಾಗ ಆಳ ಜಾಸ್ತಿ ಬರುತ್ತದಲ್ಲ, ಹಾಗಾದರೆ ಜಾಸ್ತಿ ಸರಿಯಬೇಕಲ್ವಾ ಅಂತ ಕೇಳಬೇಡಿ. ಕೆಳಗಿನ ಸೂತ್ರದಲ್ಲಿ ಭಾಗಿಸುವ ಸಂಖ್ಯೆ 3 ಇದ್ದದ್ದು 12 ಆಗುತ್ತದೆ:

```
ತಲೆ ಬಿಡುವು :  y = H(e + zf)^3 / (3 EI)
ತಲೆ ಬಿಗಿ    :  y = H(e + zf)^3 / (12 EI)
```

ಇಲ್ಲಿ H ಅಡ್ಡ ಬಲ, zf ಫಿಕ್ಸಿಟಿ ಆಳ, e ಎಂದರೆ ನೆಲಮಟ್ಟದಿಂದ ಬಲ ಕೊಟ್ಟ ಜಾಗದ ಎತ್ತರ. e ಸೊನ್ನೆ ಇದ್ದಾಗ ನಮ್ಮ ಪೈಲ್ ಒಂದು ಕಿಲೊನ್ಯೂಟನ್‌ಗೆ ತಲೆ ಬಿಡುವಿದ್ದರೆ 0.55 ಮಿ.ಮೀ., ಬಿಗಿ ಇದ್ದರೆ 0.21 ಮಿ.ಮೀ. ಸರಿಯುತ್ತದೆ. ರೀಸ್ ಮತ್ತು ಮ್ಯಾಟ್‌ಲಾಕ್ ಅವರ ಗುಣಾಂಕ ಹಾಕಿ ನೇರವಾಗಿ ಮಾಡಿದರೆ 0.58 ಮತ್ತು 0.22 ಬರುತ್ತದೆ. ಮುಂದಿನ ಲೆಕ್ಕಕ್ಕೆಲ್ಲ ಈ ಎರಡನೆಯ ಜೋಡಿಯನ್ನೇ ಇಟ್ಟುಕೊಳ್ಳುತ್ತೇನೆ.

0.58 ಮತ್ತು 0.22, ನಡುವೆ 2.6 ಪಟ್ಟು ಅಂತರ. ಈ ಅಂತರ ಎಷ್ಟು ದೊಡ್ಡದು ಅಂತ ತಿಳಿಯಲು ಮಣ್ಣಿನ ಜೊತೆ ಹೋಲಿಸಿ. ಸರಿಯುವ ಪ್ರಮಾಣ ηhನ 0.6ನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಮಣ್ಣಿನ ಬಿಗಿತ ಅರ್ಧಕ್ಕೆ ಇಳಿದರೂ ಪೈಲ್ ಸರಿಯುವುದು ಮೊದಲಿನ ಒಂದೂವರೆ ಪಟ್ಟು ಮಾತ್ರ. 2.6 ಪಟ್ಟು ಸರಿಯಬೇಕಾದರೆ ಮಣ್ಣು ಐದನೇ ಒಂದು ಭಾಗಕ್ಕೆ ಇಳಿಯಬೇಕು. ಒಂದು ಸರಿಯಾದ ಬೋರ್‌ಹೋಲ್ ರಿಪೋರ್ಟ್ ಅಷ್ಟು ದೊಡ್ಡ ತಪ್ಪು ಮಾಡುವುದು ಅಪರೂಪ. ಆದರೆ ತಲೆಯ ಹಿಡಿತದ ಬಗ್ಗೆ ಅಷ್ಟು ದೊಡ್ಡ ತಪ್ಪು ದಿನಾ ಆಗುತ್ತದೆ. ಮಣ್ಣಿಗಿಂತ ಮೊದಲು ತಲೆ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಮೊದಲು ಕೇಳಬೇಕಾದ್ದು: ಬಲ ಕೊಡದೆಯೇ ಸರಿದಿದೆಯಾ?

ಟೆಸ್ಟಿಗೆ ಮುಂಚೆಯೇ, ಯಾರೂ ತಳ್ಳದೆ ಪೈಲ್ ವಾಲಿದ್ದರೆ ಈ ಬರಹದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಅದು ಬೇರೆ ಕಾಯಿಲೆ. ಪಕ್ಕದಲ್ಲಿ ಹಿಟಾಚಿಯಿಂದ ಆಳವಾಗಿ ಅಗೆದಿದ್ದರೆ, ಅಥವಾ ಒಂದು ಬದಿಗೆ ಮಣ್ಣು ರಾಶಿ ಹಾಕಿದ್ದರೆ, ಜೇಡಿಯೇ ಹರಿದು ಪೈಲನ್ನು ತಳ್ಳಿರುತ್ತದೆ. ಗುರುತು ಸುಲಭ. ಒಂದು ಸಾಲಿನ ಪೈಲ್‌ಗಳೆಲ್ಲ ಗುಂಡಿಯ ಕಡೆಗೇ ಹೊರಳಿರುತ್ತವೆ, ಗುಂಡಿಯ ಹತ್ತಿರ ಜಾಸ್ತಿ, ದೂರ ಹೋದಂತೆ ಕಮ್ಮಿ. ಹಾಗಿದ್ದರೆ ಅಗೆಯುವುದನ್ನು ನಿಲ್ಲಿಸಿ, ರಾಶಿ ತೆಗೆಸಿ, ಪೈಲಿನೊಳಗೆ ಬಿರುಕು ಬಿದ್ದಿದೆಯಾ ಅಂತ ಇಂಟಿಗ್ರಿಟಿ ಟೆಸ್ಟ್ ಮಾಡಿಸಿ. ನಮ್ಮಲ್ಲಿ ಹಾಗೇನೂ ಆಗಿರಲಿಲ್ಲ.

ಅಳತೆಯನ್ನು ಬಿಡಿಸುವುದು

ನಮ್ಮ ರಿಪೋರ್ಟಿನಲ್ಲಿ ಇದ್ದದ್ದು ಇಷ್ಟು: 10 ಕಿಲೊನ್ಯೂಟನ್ ಬಲಕ್ಕೆ 8.3 ಮಿ.ಮೀ. ಡಿಸೈನ್ ಪ್ರಕಾರ 2.2 ಬರಬೇಕಿತ್ತು. ಹೆಚ್ಚುಕಮ್ಮಿ ನಾಲ್ಕು ಪಟ್ಟು.

ನಾನು ಮೊದಲು ಕೇಳಿದ್ದು ಜ್ಯಾಕ್ ಯಾವುದು ಅಂತ. ಇದು ಸಣ್ಣ ವಿಷಯ ಅಲ್ಲ. 10 ಕಿಲೊನ್ಯೂಟನ್ ಅಂದರೆ ಒಂದು ಟನ್. ಲಂಬ ಟೆಸ್ಟಿಗೆ ತಂದ 100 ಟನ್ನಿನ ಜ್ಯಾಕನ್ನೇ ಅಡ್ಡ ಮಲಗಿಸಿದರೆ, ಅದರ ಪ್ರೆಶರ್ ಗೇಜಿನಲ್ಲಿ ಒಂದು ಟನ್ ಅಂದರೆ ಮುಳ್ಳು ಅಲುಗಿದ್ದೋ ಇಲ್ಲವೋ ಅನ್ನುವಷ್ಟು. ಅಂಥ ಟೆಸ್ಟಿನಿಂದ ಏನನ್ನೂ ಹೇಳಲು ಆಗುವುದಿಲ್ಲ, ಪ್ರೂವಿಂಗ್ ರಿಂಗ್ ಅಥವಾ ಲೋಡ್ ಸೆಲ್ ಇಟ್ಟು ಮತ್ತೆ ಮಾಡಬೇಕು. ಅದೃಷ್ಟಕ್ಕೆ ಇಲ್ಲಿ ಪ್ರೂವಿಂಗ್ ರಿಂಗ್ ಇತ್ತು. ಡಯಲ್ ಗೇಜ್ ಕಟ್ಟಿದ ಆಧಾರದ ಕಂಬಿಯ ಕಾಲುಗಳೂ ಪೈಲಿನಿಂದ ಮೂರು ಮೀಟರ್ ಆಚೆ ಇದ್ದವು. ವ್ಯಾಸದ ಐದು ಪಟ್ಟು ದೂರ ಬೇಕು. ಹತ್ತಿರ ಇದ್ದರೆ ಜೇಡಿಯ ಜೊತೆ ಆಧಾರವೂ ಸರಿದು ರೀಡಿಂಗ್ ಸುಳ್ಳಾಗುತ್ತದೆ.

ಎರಡನೆಯದು, ಜ್ಯಾಕ್ ಯಾವ ಮಟ್ಟದಲ್ಲಿತ್ತು? ಪೈಲಿನ ಸುತ್ತ, ಕೊನೆಗೆ ತಲೆ ಒಡೆದು ನಿಲ್ಲಿಸುವ ಕಟ್-ಆಫ್ ಮಟ್ಟದವರೆಗೆ, ಅಗಲವಾಗಿ ಗುಂಡಿ ತೋಡಿದ್ದರು. ಜ್ಯಾಕ್ ಮಾತ್ರ ಕೆಳಗೆ ಇರಲಿಲ್ಲ. ಯಾಕೆ ಅಂತ ಕೇಳಿದಾಗ ಟೆಸ್ಟ್ ಮಾಡಿದ ಹುಡುಗ ಇದ್ದದ್ದು ಇದ್ದ ಹಾಗೆ ಹೇಳಿದ: "ಭರತದ ಹೊತ್ತಿಗೆ ಗುಂಡಿಗೆ ನೀರು ಬಂತು ಸಾರ್. ಜ್ಯಾಕ್ ಮುಳುಗುತ್ತೆ ಅಂತ ಮೇಲೆ ಇಟ್ವಿ." ಅಳೆದರೆ ಕಟ್-ಆಫ್‌ನಿಂದ 0.9 ಮೀಟರ್ ಮೇಲೆ. ರಿಪೋರ್ಟಿಗೆ ಹೋದ 8.3 ಮಿ.ಮೀ. ಕೂಡ ಅದೇ ಎತ್ತರದ ಗೇಜಿನದು.

ಆ ಹುಡುಗ ಒಂದು ಕೆಲಸ ಬಹಳ ಸರಿಯಾಗಿ ಮಾಡಿದ್ದ. ಐಎಸ್ 2911ರ 4ನೇ ಭಾಗ ಹೇಳುವಂತೆ 30 ಸೆಂಟಿಮೀಟರ್ ಅಂತರದಲ್ಲಿ ಒಂದರ ಕೆಳಗೆ ಒಂದು ಎರಡು ಗೇಜ್ ಇಟ್ಟು, ಎರಡನ್ನೂ ಫೀಲ್ಡ್ ಪುಸ್ತಕದಲ್ಲಿ ಬರೆದುಕೊಂಡಿದ್ದ. ನೀರು ಬಿದ್ದು ಶಾಯಿ ಹರಡಿದ ಹಾಳೆ, ಆದರೆ ಅಂಕಿ ಓದಲು ಬರುತ್ತಿತ್ತು. ಮೇಲಿನದು 8.30, ಕೆಳಗಿನದು 7.85. ಆಫೀಸಿನಲ್ಲಿ ಟೈಪ್ ಮಾಡುವಾಗ ಎರಡನೆಯ ಕಾಲಮ್ಮನ್ನೇ ಬಿಟ್ಟಿದ್ದರು.

ಆ ಬಿಟ್ಟ ಕಾಲಮ್ಮಿನಲ್ಲೇ ಉತ್ತರ ಇತ್ತು. 30 ಸೆಂಟಿಮೀಟರಿಗೆ 0.45 ಮಿ.ಮೀ. ವ್ಯತ್ಯಾಸ. ಕಟ್-ಆಫ್ ಮಟ್ಟ 90 ಸೆಂಟಿಮೀಟರ್ ಕೆಳಗೆ, ಅಂದರೆ ಮೂರು ಪಟ್ಟು, 1.35 ಮಿ.ಮೀ. ಹಾಗಾದರೆ ಕಟ್-ಆಫ್‌ನಲ್ಲಿ ಪೈಲ್ ಸರಿದದ್ದು 6.95 ಮಿ.ಮೀ.

ಇಲ್ಲಿಗೆ ಮುಗಿಯಲಿಲ್ಲ. ಜ್ಯಾಕ್ 0.9 ಮೀಟರ್ ಮೇಲಿದ್ದದ್ದರಿಂದ ಕಟ್-ಆಫ್ ಮಟ್ಟಕ್ಕೆ ಬಲದ ಜೊತೆಗೆ 9 ಕಿಲೊನ್ಯೂಟನ್-ಮೀಟರ್ ಮೊಮೆಂಟ್ ಕೂಡ ಬಂದಿದೆ. ಅದು ಎಷ್ಟು ಹೆಚ್ಚುವರಿ ಸರಿಸಿತು ಅಂತ ನೋಡಬೇಕು:

```
y  = 2.43 H T^3/EI + 1.62 M T^2/EI
H = 10 kN  ->  5.8 mm
M =  9 kNm ->  1.0 mm
```

ಒಟ್ಟು 6.8ರಲ್ಲಿ ಬರೀ ಬಲದ ಪಾಲು 5.8. ಅದೇ ಪ್ರಮಾಣದಲ್ಲಿ ನಮ್ಮ 6.95ರಿಂದ ಮೊಮೆಂಟಿನ ಪಾಲು ತೆಗೆದರೆ 5.9 ಮಿ.ಮೀ. ಉಳಿಯಿತು.

ಈಗ 5.9 ಮಿ.ಮೀ. ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಮಾಡಿದರೆ T 3.49 ಮೀಟರ್, ηh ಸುಮಾರು 340. ಡಿಸೈನರ್ ಹಿಡಿದದ್ದು 350. ಮಣ್ಣಿನ ಮೇಲೆ ಹೊರಿಸಿದ ಆಪಾದನೆ ಅಲ್ಲಿಗೆ ಬಿದ್ದುಹೋಯಿತು.

ಉಳಿದ ಅಂತರ, ಅಂದರೆ 5.9 ಮತ್ತು 2.2ರ ನಡುವಿನದು, ಪೂರ್ತಿ ತಲೆಯದು. ಟೆಸ್ಟಿನಲ್ಲಿ ಪೈಲ್ ಒಂಟಿಯಾಗಿ ನಿಂತಿತ್ತು, ತಲೆ ಬಿಡುವು. ಡಿಸೈನ್‌ನಲ್ಲಿ, ಪೈಲ್‌ಗಳ ತಲೆ ಕೂಡಿಸುವ ಕಾಂಕ್ರೀಟ್ ಕ್ಯಾಪಿನೊಳಗೆ ಬಿಗಿ. ಬಿಡುವಾದ ಪೈಲಿನ ಟೆಸ್ಟನ್ನು ಬಿಗಿಯಾದ ಪೈಲಿನ ಲೆಕ್ಕಕ್ಕೆ ಹೋಲಿಸಿದರೆ ಟೆಸ್ಟ್ ಯಾವತ್ತೂ ಫೇಲ್ ಆಗುತ್ತದೆ. ಟೆಸ್ಟಿನಿಂದ ತೆಗೆದುಕೊಳ್ಳಬೇಕಾದ್ದು ηh. ಆ ηh ಹಾಕಿ ಬಿಗಿ ತಲೆಯ ಲೆಕ್ಕವನ್ನು ಮತ್ತೆ ಮಾಡಬೇಕು.

ಯಾವ ಮಿತಿ, ಎಲ್ಲಿ

5 ಮಿ.ಮೀ. ಅಂತ ಎಲ್ಲರೂ ಹೇಳುತ್ತಾರೆ. ಕೋಡಿನಲ್ಲಿ ಮುಖ್ಯವಾಗಿ ಇರುವುದು ಎರಡು ಮಿತಿ. ಪೈಲ್ ಒಟ್ಟು 5 ಮಿ.ಮೀ. ಸರಿಯುವ ಬಲ ಒಂದು. 12 ಮಿ.ಮೀ. ಸರಿಯುವ ಬಲದ ಅರ್ಧ ಇನ್ನೊಂದು. ಎರಡರಲ್ಲಿ ಚಿಕ್ಕದ್ದೇ ಸುರಕ್ಷಿತ ಬಲ. ಎರಡನ್ನೂ ಕಟ್-ಆಫ್ ಮಟ್ಟದಲ್ಲೇ ಓದಬೇಕು. ಸೇತುವೆ ಕೆಲಸದವರು ಐಆರ್‌ಸಿ 78ರಂತೆ ವ್ಯಾಸದ ಶೇಕಡಾ 1 ಹಿಡಿಯುತ್ತಾರೆ, ಈ ಪೈಲಿಗೆ 6 ಮಿ.ಮೀ.

ಮೆತ್ತನೆ ಜೇಡಿಯಲ್ಲಿ ಎರಡನೆಯ ಮಿತಿಯನ್ನು ಮರೆಯಬಾರದು. ಜೇಡಿ ನೇರ ಗೆರೆಯಲ್ಲಿ ಸರಿಯುವುದಿಲ್ಲ, ಬಲ ಏರಿದಂತೆ ಸೋಲುತ್ತಾ ಹೋಗುತ್ತದೆ. ನಮ್ಮ ಟೆಸ್ಟಿನಲ್ಲಿ ಎಲ್ಲ ತಿದ್ದುಪಡಿ ಮಾಡಿದ ಮೇಲೆ 10 ಕಿಲೊನ್ಯೂಟನ್‌ಗೆ 5.9 ಇದ್ದದ್ದು 20ಕ್ಕೆ 16 ಮಿ.ಮೀ. ಆಯಿತು. ಬಲ ಎರಡು ಪಟ್ಟು, ಸರಿದದ್ದು ಎರಡೂಮುಕ್ಕಾಲು ಪಟ್ಟು. 20ರಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ηh 200ಕ್ಕೆ ಇಳಿದಿತ್ತು. ಇದು ದೋಷವಲ್ಲ, ಜೇಡಿಯ ಸ್ವಭಾವವೇ ಹಾಗೆ. 5 ಮಿ.ಮೀ. ಬಂದದ್ದು ಸುಮಾರು 8.8 ಕಿಲೊನ್ಯೂಟನ್‌ಗೆ, 12 ಮಿ.ಮೀ. ಬಂದದ್ದು ಸುಮಾರು 16.5ಕ್ಕೆ. ಅದರ ಅರ್ಧ 8.2. ಚಿಕ್ಕದ್ದು 8.2, ಅದೇ ಬಿಡುವು ತಲೆಯ ಸುರಕ್ಷಿತ ಬಲ. ηh ತೆಗೆಯುವಾಗಲೂ ನಿಮ್ಮ ಕಟ್ಟಡದಲ್ಲಿ ಪೈಲ್ ನಿಜಕ್ಕೂ ಎಷ್ಟು ಸರಿಯಲಿದೆಯೋ ಆ ಹತ್ತಿರದ ರೀಡಿಂಗಿನಿಂದ ತೆಗೆಯಿರಿ. ಅರ್ಧ ಮಿಲಿಮೀಟರಿನಲ್ಲಿ ತೆಗೆದ ηh ಆಸೆ ಹುಟ್ಟಿಸುವಷ್ಟು ದೊಡ್ಡದಾಗಿರುತ್ತದೆ, ಅದನ್ನು ನಂಬಬೇಡಿ.

ಮುಳ್ಳು ನಿಲ್ಲುವವರೆಗೆ ಕಾದಿದ್ದಾರಾ ಅಂತಲೂ ನೋಡಿ. ಅರ್ಧ ಗಂಟೆಗೆ 0.1 ಮಿ.ಮೀ. ಹತ್ತಿರಕ್ಕೆ ಇಳಿದ ಮೇಲೆ ಮುಂದಿನ ಬಲ ಕೊಡಬೇಕು. ಊಟಕ್ಕೆ ಹೊತ್ತಾಯಿತು ಅಂತ ಹತ್ತೇ ನಿಮಿಷಕ್ಕೆ ಬಲ ಏರಿಸಿದ ಟೆಸ್ಟ್ ಜೇಡಿಯಲ್ಲಿ ಯಾವಾಗಲೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹಿಡಿತ ನಿಜವಾಗಿ ಇದೆಯಾ?

ಇಷ್ಟು ಹೊತ್ತಿಗೆ ಸೈಟಿನಲ್ಲಿ ಎಲ್ಲರಿಗೂ ಸಮಾಧಾನ ಆಗಿತ್ತು. ಮಣ್ಣು ಸರಿ ಇದೆ, ಬಿಗಿ ತಲೆಯ ಲೆಕ್ಕದಲ್ಲಿ 5 ಮಿ.ಮೀ.ಗೆ 22 ಕಿಲೊನ್ಯೂಟನ್ ಸಿಗುತ್ತದೆ, ಗಾಳಿಯಿಂದ ಬರುವುದು ಒಂದು ಪೈಲಿಗೆ 18. ಫೈಲ್ ಮುಚ್ಚಬಹುದು ಅಂದರು. ನಾನು ಕ್ಯಾಪಿನ ಡ್ರಾಯಿಂಗ್ ಕೇಳಿದೆ. ಅಸಲಿ ದೋಷ ಸಿಕ್ಕಿದ್ದು ಅಲ್ಲಿ.

ಒಂದೊಂದು ಕಂಬಕ್ಕೆ ಎರಡು ಪೈಲಿನ ಕ್ಯಾಪ್, ಪೈಲ್‌ಗಳ ನಡುವೆ 1.8 ಮೀಟರ್. ಜಾಗದ ಗಡಿ ಹತ್ತಿರ ಇದ್ದದ್ದರಿಂದ ಎರಡೂ ಪೈಲನ್ನು ಗೋಡೆಯ ಉದ್ದಕ್ಕೆ ಸಾಲಾಗಿ ಹಾಕಿದ್ದರು. ಗಾಳಿ ತಳ್ಳುವುದು ಗೋಡೆಗೆ ಅಡ್ಡವಾಗಿ, ಅಂದರೆ ಪೈಲ್ ಜೋಡಿಗೆ ಲಂಬವಾಗಿ.

ಇಲ್ಲಿ ನಿಂತು ಯೋಚಿಸಿ. ಪೈಲಿನ ತಲೆ ತಿರುಗದಿರಬೇಕಾದರೆ ಆ ಮೊಮೆಂಟನ್ನು ಯಾರೋ ಹೊರಬೇಕು. 22 ಕಿಲೊನ್ಯೂಟನ್‌ಗೆ ಬಿಗಿ ತಲೆಯ ಮೊಮೆಂಟ್ 0.93HT, ಸುಮಾರು 71 ಕಿಲೊನ್ಯೂಟನ್-ಮೀಟರ್. ಎರಡು ಪೈಲಿಗೆ 142. ಬಲ ಜೋಡಿಯ ಉದ್ದಕ್ಕೆ ಬಂದಿದ್ದರೆ ಒಂದು ಪೈಲ್ ಕೆಳಗೆ ಒತ್ತಿ, ಇನ್ನೊಂದು ಮೇಲಕ್ಕೆ ಎಳೆದು, 142/1.8 ಅಂದರೆ ಸುಮಾರು 79 ಕಿಲೊನ್ಯೂಟನ್‌ನ ಜೋಡಿ ಬಲದಿಂದ ಕ್ಯಾಪನ್ನು ನೆಟ್ಟಗೆ ಇಡುತ್ತಿದ್ದವು. ಅಡ್ಡವಾಗಿ ಬಂದಾಗ ಆ ದಿಕ್ಕಿನಲ್ಲಿ ಎರಡೂ ಪೈಲ್ ಒಂದೇ ಗೆರೆಯಲ್ಲಿವೆ, ಎಳೆಯಲು ಇನ್ನೊಂದು ಕೈಯೇ ಇಲ್ಲ. ಕ್ಯಾಪ್ ಉಯ್ಯಾಲೆಯ ಹಲಗೆಯಂತೆ ತಿರುಗುತ್ತದೆ.

ಮೇಲಿನ ಕಂಬವಾದರೂ ಹಿಡಿಯುತ್ತದಾ? ಅದು ಕಾರ್ಖಾನೆಯಲ್ಲೇ ತಯಾರಾಗಿ ಬರುವ ಉಕ್ಕಿನ ಶೆಡ್. ಕಂಬದ ಬುಡ ಪಿನ್. ಮೊಮೆಂಟ್ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಪ್ಲಿಂತ್ ಬೀಮ್ 230×450, ಕೆಳಗೆ ಮೂರು 16 ಮಿ.ಮೀ. ಕಂಬಿ. ಅದರ ಪೂರ್ತಿ ಶಕ್ತಿಯೇ 100 ಕಿಲೊನ್ಯೂಟನ್-ಮೀಟರ್ ಒಳಗೆ, ಮತ್ತು ಅದು ಓಡುತ್ತಿದ್ದದ್ದು ಗೋಡೆಯ ಉದ್ದಕ್ಕೆ ಮಾತ್ರ. ಅಡ್ಡ ದಿಕ್ಕಿನಲ್ಲಿ ಬೀಮೇ ಇರಲಿಲ್ಲ.

ಅಷ್ಟೇ ಅಲ್ಲ, ಗಾಳಿಯ ಬಲ ಪೈಲಿನ ತಲೆಗೆ ಬರುವುದು 1.2 ಮೀಟರ್ ಎತ್ತರದ ಪೆಡೆಸ್ಟಲ್ ಮೂಲಕ. ಟೆಸ್ಟಿನ ಜ್ಯಾಕ್ 0.9 ಮೀಟರ್ ಮೇಲಿತ್ತು ಅಂತ ನಾವು ತಿದ್ದುಪಡಿ ಮಾಡಿದೆವಲ್ಲ, ನಿಜವಾದ ಕಟ್ಟಡದಲ್ಲಿ ಅದಕ್ಕಿಂತಲೂ ಮೇಲೆ. ಮೇಲಿನ ಅದೇ ಸೂತ್ರಕ್ಕೆ ಹಾಕಿದರೆ ಒಂದು ಕಿಲೊನ್ಯೂಟನ್‌ಗೆ 0.71 ಮಿ.ಮೀ., 18 ಕಿಲೊನ್ಯೂಟನ್‌ಗೆ 13 ಮಿ.ಮೀ. ಹತ್ತಿರ. ಅದೂ ಮಣ್ಣು ನೇರ ಗೆರೆಯಲ್ಲಿ ನಡೆದುಕೊಂಡರೆ. ಆ ಮಟ್ಟಕ್ಕೆ ηh ಇಳಿದಿರುವುದನ್ನು ಟೆಸ್ಟೇ ತೋರಿಸಿದೆ, ಆದ್ದರಿಂದ ನಿಜದಲ್ಲಿ ಇನ್ನೂ ಜಾಸ್ತಿ. ಕಾಗದದ ಮೇಲೆ 4 ಮಿ.ಮೀ. ಇದ್ದದ್ದು ಗಾಳಿ ಬಂದ ದಿನ ಕನಿಷ್ಠ ಮೂರು ಪಟ್ಟು ಆಗುತ್ತಿತ್ತು.

ಹಾಗಾಗಿ ತಲೆ ಬಿಗಿ ಅಂತ ಬರೆಯುವ ಮುಂಚೆ ಪ್ರತಿ ದಿಕ್ಕಿಗೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ: ಈ ಮೊಮೆಂಟನ್ನು ಹೊರುವವರು ಯಾರು? ಪೈಲ್ ಜೋಡಿಯಾ, ಬೀಮಾ, ಕಂಬವಾ? ಹೆಸರು ಹೇಳಲು ಆಗದಿದ್ದರೆ ತಲೆ ಬಿಡುವು ಅಂತಲೇ ಹಿಡಿಯಿರಿ.

ಹೊರುವವರು ಇದ್ದರೂ ಅವರವರೆಗೆ ಮೊಮೆಂಟ್ ತಲುಪಬೇಕು. ಪೈಲಿನ ಗಟ್ಟಿ ಕಾಂಕ್ರೀಟ್ 50 ಮಿ.ಮೀ. ಕ್ಯಾಪಿನೊಳಗೆ ಹೋಗಿರಬೇಕು. ಎಂ30ರಲ್ಲಿ 16 ಮಿ.ಮೀ.ನ ಎಫ್‌ಇ500 ಕಂಬಿಗೆ 725 ಮಿ.ಮೀ. ಹಿಡಿತದ ಉದ್ದ ಬೇಕು. ತಲೆ ಒಡೆಯುವಾಗ ಕಂಬಿ ಅಡ್ಡ ಬಂತು ಅಂತ ಅರ್ಧಕ್ಕೇ ಕತ್ತರಿಸಿ 300 ಮಿ.ಮೀ. ಉಳಿಸಿದ್ದನ್ನು ಬೇರೆ ಸೈಟಿನಲ್ಲಿ ನೋಡಿದ್ದೇನೆ. ಕ್ಯಾಪ್ ಎರಕ ಹೊಯ್ದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ, ಲೆಕ್ಕದಲ್ಲಿ ಬಿಗಿ ಅಂತಲೇ ಇರುತ್ತದೆ. ಎರಕದ ಹಿಂದಿನ ದಿನ ಟೇಪ್ ಹಿಡಿದು ಒಂದು ಸುತ್ತು ಬನ್ನಿ. ಒಡೆದ ತಲೆಯನ್ನು ಸುತ್ತಿಗೆಯಿಂದ ಬಡಿದು ನೋಡಿ. ಗಟ್ಟಿ ಕಾಂಕ್ರೀಟ್ ಠಣ್ ಅನ್ನುತ್ತದೆ. ಮಣ್ಣು ಬೆರೆತ ಮೇಲಿನ ನೊರೆ ಕಾಂಕ್ರೀಟ್ ಉಳಿದಿದ್ದರೆ ಮಂದವಾದ ಸದ್ದು ಬರುತ್ತದೆ, ಅದನ್ನು ತೆಗೆಸಿ.

ಮೇಲಿನ ಗರಸಿನ ಮೋಸ

ನಮ್ಮ ಟೆಸ್ಟಿನಲ್ಲಿ ಗುಂಡಿ ತೋಡಿ ಗರಸನ್ನು ತೆಗೆದಿದ್ದರು, ಒಳ್ಳೆಯದಾಯಿತು. ಎಷ್ಟೋ ಕಡೆ ರಿಗ್ ನಿಂತ ಗರಸಿನ ಮಟ್ಟದಿಂದಲೇ ಟೆಸ್ಟ್ ಮಾಡುತ್ತಾರೆ. ಅಡ್ಡ ಬಲಕ್ಕೆ ಮೇಲಿನ ಎರಡು ಮೂರು ಮೀಟರ್ ಮಣ್ಣೇ ಮುಖ್ಯ. ಅದರಲ್ಲಿ ಒಂದು ಮೀಟರ್ ಗಟ್ಟಿ ಗರಸು ಇದ್ದರೆ ಟೆಸ್ಟ್ ಬಹಳ ಚೆನ್ನಾಗಿ ಬರುತ್ತದೆ. ಆಮೇಲೆ ಕ್ಯಾಪಿಗಾಗಿ ಅದೇ ಗರಸನ್ನು ಅಗೆದು ತೆಗೆಯುತ್ತಾರೆ. ಹಿಂದಕ್ಕೆ ಲೆಕ್ಕ ಮಾಡಿದ ηh ಸಾವಿರ ದಾಟಿದರೆ ಮೊದಲು ಈ ಅನುಮಾನ ಇರಲಿ.

ಟೆಸ್ಟ್ ಮುಗಿದು ಬಲ ಬಿಟ್ಟ ಮೇಲೆ ಪೈಲಿನ ಹಿಂಬದಿಯನ್ನೂ ನೋಡಿ. ಜೇಡಿ ಮತ್ತು ಪೈಲಿನ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದರೆ, ಗಾಳಿ ಅಥವಾ ಅಲೆಯಂತೆ ಹಿಂದೆ ಮುಂದೆ ತಳ್ಳುವ ಬಲಕ್ಕೆ ಆ ಸಂದು ಬೆಳೆಯುತ್ತದೆ. ಮ್ಯಾಟ್‌ಲಾಕ್ ಅವರು ಟೆಕ್ಸಾಸ್‌ನ ಮೆತ್ತನೆ ಜೇಡಿಯಲ್ಲಿ ಟೆಸ್ಟ್ ಮಾಡಿ 1970ರಲ್ಲಿ ಕೊಟ್ಟ ವಿಧಾನದಲ್ಲಿ, ಮತ್ತೆ ಮತ್ತೆ ಬರುವ ಬಲಕ್ಕೆ ಮಣ್ಣಿನ ಗರಿಷ್ಠ ಪ್ರತಿರೋಧವನ್ನು 0.72ಕ್ಕೆ ಇಳಿಸುತ್ತಾರೆ. ಮೇಲ್ಮೈ ಹತ್ತಿರ ಅದಕ್ಕಿಂತಲೂ ಕಮ್ಮಿ. ಒಂದೇ ಸಲ ತಳ್ಳಿದ ಟೆಸ್ಟಿನಲ್ಲಿ ಇದು ಕಾಣುವುದಿಲ್ಲ.

ಏನು ಮಾಡಿದೆವು

ಕ್ಯಾಪ್ ಇನ್ನೂ ಎರಕ ಹೊಯ್ದಿರಲಿಲ್ಲ, ಅದೇ ಪುಣ್ಯ. ಪೈಲಿನ ವ್ಯಾಸ ಹೆಚ್ಚಿಸುವ ಮಾತು ಬಂತು. 600ರ ಬದಲು 750 ಮಾಡಿದರೆ ಸರಿಯುವುದು ಶೇಕಡಾ 30 ಕಮ್ಮಿ ಆಗುತ್ತದೆ ಅಷ್ಟೇ, 13 ಇದ್ದದ್ದು 9. ಸಾಲದು. ಪ್ರತಿ ಕಂಬಕ್ಕೆ ಶೆಡ್ಡಿನ ಒಳಬದಿಗೆ ಮೂರನೆಯ ಪೈಲ್ ಹಾಕಿ ತ್ರಿಕೋನದ ಕ್ಯಾಪ್ ಮಾಡುವುದು ಅಂತ ತೀರ್ಮಾನವಾಯಿತು.

ಲೆಕ್ಕ ಹೀಗೆ ಬಂತು. ಕಂಬಕ್ಕೆ 36 ಕಿಲೊನ್ಯೂಟನ್, ಮೂರು ಪೈಲಿಗೆ 12ರಂತೆ. ಬಿಗಿ ತಲೆಗೆ 2.7 ಮಿ.ಮೀ. ಮೂರು ವ್ಯಾಸದಷ್ಟು ಹತ್ತಿರ ಇರುವ ಪೈಲ್‌ಗಳಲ್ಲಿ ಹಿಂದಿನದು ಮುಂದಿನದರ ನೆರಳಲ್ಲಿರುತ್ತದೆ. ಅಮೆರಿಕದ ಆಶ್ಟೊ ಕೋಡ್ ಮುಂದಿನ ಸಾಲಿಗೆ 0.8, ಎರಡನೆಯ ಸಾಲಿಗೆ 0.4 ಹಿಡಿಯುತ್ತದೆ. ಸರಾಸರಿ 0.6 ಅಂತ ಮಣ್ಣನ್ನು ಇಳಿಸಿದರೆ 2.7 ಇದ್ದದ್ದು 3.6 ಮಿ.ಮೀ. ಆಗುತ್ತದೆ. 5ರ ಒಳಗೇ ಇದೆ.

ಈಗ ಹಿಡಿತದ ಲೆಕ್ಕ. ಮೂರು ಪೈಲಿನ ತಲೆಯ ಮೊಮೆಂಟ್ 116, ಪೆಡೆಸ್ಟಲ್ ಎತ್ತರದಿಂದ 43, ಒಟ್ಟು ಸುಮಾರು 160 ಕಿಲೊನ್ಯೂಟನ್-ಮೀಟರ್. ತ್ರಿಕೋನದ ಎತ್ತರ 1.56 ಮೀಟರ್. ಆದ್ದರಿಂದ ಒಂಟಿ ಪೈಲಿಗೆ ಸುಮಾರು 102 ಕಿಲೊನ್ಯೂಟನ್ ಒತ್ತಡ ಅಥವಾ ಎಳೆತ, ಎದುರಿನ ಎರಡಕ್ಕೆ 51ರಂತೆ. ಒತ್ತಡದ ಕಡೆ ಚಿಂತೆ ಇರಲಿಲ್ಲ. ಉಕ್ಕಿನ ಶೆಡ್ ಹಗುರ, ಗಾಳಿ ಅದನ್ನು ಮೇಲಕ್ಕೂ ಎತ್ತುತ್ತದೆ. ಅದಕ್ಕೇ ಒಂಟಿ ಪೈಲಿನ ಎಳೆತವನ್ನು ಪೈಲಿನ ಸ್ವಂತ ತೂಕ ಮತ್ತು ಜೇಡಿಯ ಅಂಟಿಗೆ ಹೋಲಿಸಿ ಬೇರೆಯಾಗಿ ತಾಳೆ ನೋಡಿದೆವು, ಕಂಬಿಯನ್ನು ಪೂರ್ತಿ ಉದ್ದಕ್ಕೆ ಇಳಿಸಿದೆವು. ಹೊಸ ಪೈಲ್‌ಗಳಲ್ಲಿ ಒಂದಕ್ಕೆ ಮತ್ತೆ ಟೆಸ್ಟ್ ಮಾಡಿಸಿದೆವು. ಈ ಸಲ ಇಳಿತದ ಹೊತ್ತು ನೋಡಿ, ಗುಂಡಿಯ ನೀರನ್ನು ಪಂಪ್ ಹಚ್ಚಿ ಖಾಲಿ ಮಾಡಿ, ಜ್ಯಾಕನ್ನು ಕಟ್-ಆಫ್ ಮಟ್ಟಕ್ಕೇ ಇಳಿಸಿದರು. 10 ಕಿಲೊನ್ಯೂಟನ್‌ಗೆ ಮುಳ್ಳು 5.7ರಲ್ಲಿ ನಿಂತಿತು.